ಮುತ್ತು, ಹವಳ, ಒನ್ ಗ್ರಾಂ ಸೆಟ್: ಬೆವರು ತಿಂದ ಒಡವೆಯಲ್ಲಿ ಎಷ್ಟು ಉಳಿಸಬಹುದು?

ಪ್ರಶ್ನೆ: ನಮ್ಮದು ಪುತ್ತೂರು. ಏಪ್ರಿಲ್‌ನಲ್ಲಿ ನಾದಿನಿಯ ಮದುವೆ ಇತ್ತು. ಅತ್ತೆ ಕೊಟ್ಟ ಎರಡೆಳೆ ಮುತ್ತಿನ ಸರ, ಹವಳ ಸೇರಿಸಿದ ಕರಿಮಣಿ, ಹೊಸದಾಗಿ ಕೊಂಡ ಒನ್ ಗ್ರಾಂ ಸೆಟ್ (ಕೆಂಪು ಕಲ್ಲು, ಕೆಳಗೆ ಸಾಲಾಗಿ ಬಿಳಿ ಮುತ್ತು) ಎಲ್ಲವನ್ನೂ ಅರಿಶಿನ ಶಾಸ್ತ್ರದಿಂದ ಆರತಕ್ಷತೆವರೆಗೆ ಹಾಕಿಕೊಂಡಿದ್ದೆ. ಸೆಂಟೂ ಹೊಡೆದುಕೊಂಡಿದ್ದೆ. ಬೆವರಿನ ಕೊಳೆ ಹೋಗಲಿ ಅಂತ ಮುತ್ತಿನ ಸರವನ್ನು ಮೈಸೋಪಿನಲ್ಲಿ ತೊಳೆದರೆ ಮುತ್ತು ಮಂಕಾಯಿತು, ದಾರ ಅಲ್ಲಲ್ಲಿ ಕೆಂಪಗಾಯಿತು. ಸೆಟ್ಟಿನ ಹಿಂಭಾಗ ಹಸಿರು ಬಂದಿದೆ. ಅಂಟುವಾಳದ ನೀರಿನಲ್ಲಿ ನೆನೆಸಿಡು ಅಂತಾರೆ ಅತ್ತೆ, ಟೂತ್‌ಪೇಸ್ಟ್ ಹಾಕಿ ಉಜ್ಜು ಅಂತಾಳೆ ತಂಗಿ. ಯಾರ ಮಾತು ಕೇಳಲಿ?

ಉತ್ತರ: ಸದ್ಯಕ್ಕೆ ಇಬ್ಬರ ಮಾತೂ ಬೇಡ. ಮೂರು ಒಡವೆಗಳನ್ನೂ ನೀರಿನಿಂದ ದೂರ ಇಡಿ, ಒಂದು ಒಣ ಬಿಳಿ ಬಟ್ಟೆಯ ಮೇಲೆ ಬೇರೆ ಬೇರೆಯಾಗಿ ಹರಡಿ. ಈ ಮೂರಕ್ಕೂ ಒಂದೇ ಮದ್ದು ಇಲ್ಲ.

ಮೊದಲು ನಿಮ್ಮನ್ನು ಜಾಸ್ತಿ ಹೆದರಿಸಿರುವ ಕೆಂಪು ದಾರದ ವಿಷಯ. ಅದು ಮುತ್ತು ಬಿಟ್ಟ ಬಣ್ಣ ಅಲ್ಲ, ತುಕ್ಕೂ ಅಲ್ಲ. ಅರಿಶಿನಕ್ಕೆ ಸುಣ್ಣ ಬಿದ್ದರೆ ಕೆಂಪಾಗುತ್ತದೆ, ಆರತಿ ತಟ್ಟೆಯ ಓಕುಳಿ ಮಾಡುವುದೇ ಹಾಗೆ ಅಲ್ವಾ? ಮೈಸೋಪೂ ಸುಣ್ಣದ ಹಾಗೆ ಕ್ಷಾರ. ಶಾಸ್ತ್ರದ ದಿನ ಕುತ್ತಿಗೆಯಲ್ಲಿದ್ದ ಅರಿಶಿನವನ್ನು ರೇಷ್ಮೆ ದಾರ ಹೀರಿಕೊಂಡಿದೆ, ಸೋಪು ಅದನ್ನು ಕೆಂಪು ಮಾಡಿದೆ. ಸೋಪಿನ ಅಂಶ ಹೋದರೆ ಅದು ಮತ್ತೆ ಹಳದಿಗೆ ತಿರುಗುತ್ತದೆ. ಆದರೆ ಇದರಿಂದ ಇನ್ನೊಂದು ವಿಷಯವೂ ಗೊತ್ತಾಗುತ್ತದೆ. ಸೋಪು ಇನ್ನೂ ದಾರದೊಳಗೇ ಇದೆ. ಮುತ್ತಿನ ತೂತಿನೊಳಗೂ ಇದೆ.

ಇನ್ನು ಮುತ್ತು ಮಂಕಾಗಿದ್ದು. ಇದಕ್ಕೆ ಎರಡು ಕಾರಣ ಇರಬಹುದು. ಒಂದಕ್ಕೆ ಪರಿಹಾರ ಇದೆ, ಇನ್ನೊಂದಕ್ಕೆ ಇಲ್ಲ. ಯಾವುದು ಅಂತ ತಿಳಿಯಬೇಕಾದರೆ ಮುತ್ತು ಅಸಲಿಯೋ ಅಲ್ಲವೋ ಅನ್ನುವುದು ಮೊದಲು ಖಾತ್ರಿಯಾಗಬೇಕು. ಅತ್ತೆ ಕೊಟ್ಟ ಸರ ಅಂದಮಾತ್ರಕ್ಕೆ ಅಸಲಿ ಅಂತ ತಿಳಿಯಬೇಡಿ. ಹಳೆಯ ಮನೆಗಳ ಪೆಟ್ಟಿಗೆಯಲ್ಲೂ ಗಾಜಿನ ಮುತ್ತಿನ ಒಳ್ಳೊಳ್ಳೆ ಸರಗಳು ಸಿಗುತ್ತವೆ.

ಕೊಂಡಿಯ ಪಕ್ಕದ ಒಂದೆರಡು ಮುತ್ತುಗಳನ್ನು ಸ್ವಲ್ಪ ಸರಿಸಿ, ತೂತಿನ ಅಂಚನ್ನು ಮೊಬೈಲ್ ಕ್ಯಾಮೆರಾದಲ್ಲಿ ದೊಡ್ಡದು ಮಾಡಿ ನೋಡಿ. ಅಸಲಿ ಮುತ್ತಿನ ತೂತಿನ ಅಂಚು ಚೂಪಾಗಿ, ಅಚ್ಚುಕಟ್ಟಾಗಿ ಇರುತ್ತದೆ. ನಕಲಿಯಾದರೆ ಅಂಚಿನಲ್ಲಿ ಬಣ್ಣದ ಪದರ ಸುಲಿದಿರುತ್ತದೆ, ಇಲ್ಲವೇ ತೂತಿನ ಸುತ್ತ ದಪ್ಪಗೆ ಹೆಪ್ಪುಗಟ್ಟಿರುತ್ತದೆ. ಒಳಗಿನ ಗಾಜು ಅಥವಾ ಪ್ಲಾಸ್ಟಿಕ್ ಇಣುಕುವುದೂ ಉಂಟು. ಇನ್ನೊಂದು ಪರೀಕ್ಷೆ: ಎರಡು ಮುತ್ತುಗಳನ್ನು ತೂತಿನ ಹತ್ತಿರ ಮೆಲ್ಲಗೆ ಒಂದಕ್ಕೊಂದು ತಾಗಿಸಿ ಸರಿಸಿ. ಅಸಲಿ ಮುತ್ತು ತೀರಾ ಸಣ್ಣ ಮರಳಿನ ಹಾಗೆ ತರಿತರಿ ಅನ್ನುತ್ತದೆ, ನಕಲಿ ನುಣ್ಣಗೆ ಜಾರುತ್ತದೆ. ಒಮ್ಮೆ ಸರಿಸಿದರೆ ಸಾಕು, ಉಜ್ಜುತ್ತಾ ಕೂರಬೇಡಿ. ತೂಕ ನೋಡಿ ಮಾತ್ರ ತೀರ್ಮಾನ ಮಾಡಬೇಡಿ, ಗಾಜಿನ ಮುತ್ತೂ ಒಳ್ಳೆ ಭಾರ ಇರುತ್ತದೆ.

ನಿಮ್ಮದು ಅಸಲಿ ಅಂತಲೇ ಇಟ್ಟುಕೊಳ್ಳೋಣ. ಹೈದರಾಬಾದಿನಿಂದ ತಂದದ್ದು ಅಂತ ಹೇಳಿದ್ದರೆ ಅಲ್ಲಿ ಪೋಣಿಸಿದ್ದು ಅಂತ ಅರ್ಥ ಮಾಡಿಕೊಳ್ಳಿ. ಹೈದರಾಬಾದಿನಲ್ಲಿ ಮುತ್ತು ಬೆಳೆಯುವುದಿಲ್ಲ. ಅಲ್ಲಿ ವಿಂಗಡಿಸಿ, ತೂತು ಕೊರೆದು, ಸರ ಮಾಡುತ್ತಾರೆ. ಈಗ ಮಾರುಕಟ್ಟೆಯಲ್ಲಿರುವ ಬಹುಪಾಲು ಮುತ್ತು ಚೀನಾದ ಸಿಹಿನೀರಿನ ಕೃಷಿ ಮುತ್ತು. ಎಲ್ಲಿಯದೇ ಆಗಲಿ, ಮುತ್ತು ಅಂದರೆ ಮೂಲದಲ್ಲಿ ಸುಣ್ಣವೇ. ನಿಮ್ಮ ಕಡೆ ಕಪ್ಪೆಚಿಪ್ಪು ಸುಟ್ಟು ಎಲೆಗೆ ಹಚ್ಚುವ ಸುಣ್ಣ ಮಾಡುತ್ತಾರಲ್ಲ, ಆ ಚಿಪ್ಪಿನಲ್ಲಿರುವ ಕ್ಯಾಲ್ಸಿಯಂ ಕಾರ್ಬೊನೇಟೇ ಮುತ್ತಿನಲ್ಲೂ ಇರುವುದು. ಮುತ್ತಿನಲ್ಲಿ ಅದು ತೀರಾ ತೆಳುವಾದ ಹಲ್ಲೆಗಳಾಗಿ ಒಂದರ ಮೇಲೊಂದು ಕೂತಿರುತ್ತದೆ. ಒಂದೊಂದು ಹಲ್ಲೆಯ ದಪ್ಪ ಸುಮಾರು ಅರ್ಧ ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನಲ್ಲಿ ಎರಡು ಸಾವಿರ ಹಲ್ಲೆ ಹಿಡಿಸುತ್ತವೆ. ನಡುವೆ ಅಂಟಿನ ಹಾಗೆ ಪ್ರೋಟೀನು, ಜೊತೆಗೆ ಚೂರು ನೀರಿನ ಅಂಶ. ಬೆಳಕು ಈ ಪದರಗಳೊಳಗೆ ಹೊಕ್ಕು ಹೊರಬರುವುದರಿಂದಲೇ ಮುತ್ತಿಗೆ ಆ ಕಾಂತಿ. ಮೇಲಿನ ಕೆಲವು ಹಲ್ಲೆಗಳು ಹಾಳಾದರೂ ಸಾಕು, ಕಾಂತಿ ಹೋಗಿ ಸೀಮೆಸುಣ್ಣದ ಬಿಳುಪು ಬರುತ್ತದೆ.

ಸುಣ್ಣಕ್ಕೆ ಹುಳಿ ಕಂಡರಾಗದು. ಒಂದು ಚೂರು ಮೊಟ್ಟೆ ಸಿಪ್ಪೆಯನ್ನು ನಿಂಬೆರಸಕ್ಕೆ ಹಾಕಿ ನೋಡಿ, ಸಣ್ಣ ಗುಳ್ಳೆಗಳು ಏಳುತ್ತವೆ. ಸಿಪ್ಪೆ ಕರಗುತ್ತಿದೆ ಅಂತ ಅರ್ಥ. ಬೆವರು ನಿಂಬೆರಸದಷ್ಟು ಹುಳಿ ಅಲ್ಲ, ಆದರೆ ಚರ್ಮದ ಮೇಲಿನ ಬೆವರು ಸಾಮಾನ್ಯವಾಗಿ ಹುಳಿಯ ಕಡೆಗೇ ಇರುತ್ತದೆ. ಒಂದು ದಿನಕ್ಕೆ ಅದರಿಂದ ಕಣ್ಣಿಗೆ ಕಾಣುವಂಥದ್ದು ಏನೂ ಆಗದು. ಒರೆಸದೆ ಹಾಗೇ ಎತ್ತಿಟ್ಟರೆ, ವರ್ಷಗಟ್ಟಲೆ ಹೀಗೇ ನಡೆದರೆ, ಆಗುತ್ತದೆ. ದಿನಾ ಹಾಕಿಕೊಂಡ ಹಳೇ ಸರಗಳಲ್ಲಿ ಕೆಲವು ಮುತ್ತುಗಳು ಗುಂಡಗೆ ಉಳಿಯದೆ ಪೀಪಾಯಿಯ ಆಕಾರಕ್ಕೆ ತಿರುಗಿರುತ್ತವೆ. ಚರ್ಮಕ್ಕೆ ತಾಗುವ ನಡುಭಾಗ ಸವೆದು, ದಾರದ ಪಕ್ಕದ ಎರಡು ತುದಿ ಮಾತ್ರ ಹಾಗೇ ಉಳಿದಿರುತ್ತವೆ. ನಿಮ್ಮ ಸರದಲ್ಲೂ ಕುತ್ತಿಗೆ ಹಿಂದೆ ಬರುವ ಹತ್ತು ಹನ್ನೆರಡು ಮುತ್ತುಗಳನ್ನು ಎದೆಯ ಮೇಲೆ ಬರುವ ಮುತ್ತುಗಳ ಜೊತೆ ಹೋಲಿಸಿ. ಹಿಂದಿನವು ಸಾಮಾನ್ಯವಾಗಿ ಜಾಸ್ತಿ ಮಂಕಾಗಿರುತ್ತವೆ. ಬೆವರು, ತಲೆಗೆ ಹಚ್ಚಿದ ಎಣ್ಣೆ, ಮಲ್ಲಿಗೆ ದಂಡೆಯಿಂದ ಇಳಿಯುವ ನೀರು, ಕಿವಿಯ ಹಿಂದೆ ಹೊಡೆದ ಸೆಂಟು ಎಲ್ಲವೂ ಸೇರುವ ಜಾಗ ಅದು.

ಅತ್ತೆಯ ಅಂಟುವಾಳದ ಸಲಹೆ ಬೇಡ ಅಂದದ್ದೂ ಇದಕ್ಕೇ. ಅಂಟುವಾಳದ ನೊರೆ ಚಿನ್ನಕ್ಕೆ ಬಹಳ ಒಳ್ಳೆಯದು, ರೇಷ್ಮೆ ಸೀರೆಗೂ ಒಳ್ಳೆಯದು. ಆದರೆ ಆ ನೀರು ಸ್ವಲ್ಪ ಹುಳಿ. ಸೀಗೆಕಾಯಿಯದ್ದೂ ಅಷ್ಟೇ. ಚಿನ್ನಕ್ಕೆ ಹುಳಿ ಏನೂ ಮಾಡದು, ರಾತ್ರಿಯಿಡೀ ನೆನೆದ ಮುತ್ತಿಗೆ ಮಾಡುತ್ತದೆ. ಅತ್ತೆ ಚಿನ್ನದ ಸರಕ್ಕೆ ಮಾಡಿ ಒಳ್ಳೇದಾದದ್ದನ್ನು ನೋಡಿರುತ್ತಾರೆ, ಅದನ್ನೇ ಹೇಳಿದ್ದಾರೆ.

ಈಗ ಮಂಕಿನ ಎರಡು ಕಾರಣಕ್ಕೆ ಬರೋಣ. ಮೊದಲನೆಯದು ಸೋಪಿನ ಜಿಡ್ಡು. ಬಾವಿ ಅಥವಾ ಬೋರ್‌ವೆಲ್ ನೀರು ಗಡಸಾಗಿದ್ದರೆ ಬಾರ್ ಸೋಪು ನೊರೆ ಕೊಡುವ ಬದಲು ಬಕೆಟ್ಟಿನ ಅಂಚಿನಲ್ಲಿ ಬಿಳಿ ಕೆನೆಯಾಗಿ ಅಂಟುತ್ತದಲ್ಲ, ಅದೇ ಕೆನೆ ಮುತ್ತಿನ ಮೇಲೂ ಕೂತಿರುತ್ತದೆ. ತೊಳೆದ ತಕ್ಷಣ ಮಂಕಾಯಿತು ಅಂದಿದ್ದೀರಿ, ಹಾಗಾಗಿ ನನ್ನ ಅನುಮಾನ ಜಾಸ್ತಿ ಇದರ ಮೇಲೇ. ಎರಡನೆಯದು ಹಲ್ಲೆಗಳೇ ಹಾಳಾಗಿರುವುದು. ಇದನ್ನು ಕಂಡುಹಿಡಿಯಲು ಒಂದೇ ಮುತ್ತು ಸಾಕು. ಹಳೇ ಮೆತ್ತನೆ ಹತ್ತಿ ಬಟ್ಟೆಯ ತುದಿಯನ್ನು ಕುಡಿಯುವ ಫಿಲ್ಟರ್ ನೀರಿನಲ್ಲಿ ಅದ್ದಿ, ಚೆನ್ನಾಗಿ ಹಿಂಡಿ, ಒಂದು ಮುತ್ತನ್ನು ಸುತ್ತಲೂ ನಾಲ್ಕೈದು ಸಲ ಒರೆಸಿ. ಪೂರ್ತಿ ಒಣಗಲು ಬಿಟ್ಟು, ಕಿಟಕಿಯ ಬೆಳಕಿನಲ್ಲಿ ಪಕ್ಕದ ಮುತ್ತಿನ ಜೊತೆ ಹಿಡಿದು ನೋಡಿ. ಕಿಟಕಿಯ ಚೌಕಟ್ಟಿನ ಗೆರೆ ಅದರ ಮೇಲೆ ಮೊದಲಿಗಿಂತ ಸ್ಪಷ್ಟವಾಗಿ ಮೂಡಿದರೆ ಅದು ಜಿಡ್ಡು, ಎಲ್ಲ ಮುತ್ತುಗಳಿಗೂ ಹೀಗೇ ಮಾಡಬಹುದು. ಒದ್ದೆಯಿದ್ದಾಗ ಹೊಳೆದು, ಒಣಗಿದ ಮೇಲೆ ಮತ್ತೆ ಪುಡಿ ಬಳಿದ ಹಾಗೆ ಕಂಡರೆ ಮೇಲ್ಪದರ ಹೋಗಿದೆ ಅಂತ. ಅದನ್ನು ಯಾವ ತೊಳೆತವೂ ವಾಪಸ್ ತರುವುದಿಲ್ಲ.

ಜಿಡ್ಡು ಅಂತ ಗೊತ್ತಾದರೆ ಕೆಲಸ ಸುಲಭ, ತಾಳ್ಮೆ ಮಾತ್ರ ಬೇಕು. ಒಂದು ಲೋಟ ಫಿಲ್ಟರ್ ನೀರಿಗೆ ಮಕ್ಕಳ ಶಾಂಪೂ ಎರಡು ಮೂರು ಹನಿ ಹಾಕಿ ಕಲಸಿ. ನೀರು ಬಿಸಿ ಬೇಡ. ಸಿಂಕಿನ ಹತ್ತಿರವೂ ಬೇಡ, ಮೇಜಿನ ಮೇಲೆ ಟವೆಲ್ ಹಾಸಿ ಕೂತುಕೊಳ್ಳಿ. ಬಟ್ಟೆಯನ್ನು ಅದ್ದಿ, ಹನಿ ತೊಟ್ಟಿಕ್ಕದ ಹಾಗೆ ಹಿಂಡಿ, ಒಂದೊಂದೇ ಮುತ್ತನ್ನು ಬೆರಳುಗಳ ನಡುವೆ ತಿರುಗಿಸುತ್ತಾ ಒರೆಸಿ. ಸರವನ್ನು ಲೋಟದಲ್ಲಿ ಮುಳುಗಿಸಬೇಡಿ. ಮುಳುಗಿಸಿದರೆ ರೇಷ್ಮೆ ದಾರ ನೀರು ಕುಡಿದು ಹಿಗ್ಗುತ್ತದೆ, ಕೊಳೆ ತೂತಿನೊಳಗೆ ಇಳಿಯುತ್ತದೆ. ಎಲ್ಲ ಮುಗಿದ ಮೇಲೆ ಇನ್ನೊಂದು ಬಟ್ಟೆಯನ್ನು ಬರೀ ನೀರಿನಲ್ಲಿ ಅದ್ದಿ ಹಿಂಡಿ ಮತ್ತೊಂದು ಸುತ್ತು ಒರೆಸಿ. ಶಾಂಪೂ ಉಳಿದರೆ ಅದೂ ಮಂಕೇ. ಆಮೇಲೆ ಒಣ ಬಟ್ಟೆಯ ಮೇಲೆ ಸರವನ್ನು ಉದ್ದಕ್ಕೆ ಮಲಗಿಸಿ, ಒಂದು ಇಡೀ ದಿನ ನೆರಳಿನಲ್ಲಿ ಬಿಡಿ. ಮೊಳೆಗೆ ನೇತುಹಾಕಬೇಡಿ, ಒದ್ದೆ ದಾರ ಮುತ್ತಿನ ಭಾರಕ್ಕೆ ಉದ್ದವಾಗುತ್ತದೆ. ಮಳೆಗಾಲದಲ್ಲಿ ನಿಮ್ಮ ಕಡೆ ಒಂದು ದಿನ ಸಾಲದು, ಎರಡು ದಿನ ಇಡಿ. ಬಿಸಿಲು, ಹೇರ್ ಡ್ರೈಯರ್ ಎರಡೂ ಬೇಡ, ಜಾಸ್ತಿ ಒಣಗಿದರೆ ಮುತ್ತು ಬಿರುಕು ಬಿಡುತ್ತದೆ.

ಟೂತ್‌ಪೇಸ್ಟ್, ಅಡುಗೆ ಸೋಡಾ, ನೈಲಾನ್ ಬ್ರಷ್ ಇವೆಲ್ಲ ಮುತ್ತಿನ ಹತ್ತಿರ ಬರಲೇಬಾರದು. ಹಲ್ಲಿನ ಹೊರಪದರಕ್ಕಿಂತ ಮುತ್ತು ಮೆದು. ಪೇಸ್ಟಿನಲ್ಲಿರುವ ಉಜ್ಜುವ ಪುಡಿ ಹಲ್ಲಿಗೆ ಸರಿ, ಮುತ್ತಿಗೆ ಗೀರು. ಚಿನ್ನದಂಗಡಿಯ ಅಲ್ಟ್ರಾಸೋನಿಕ್ ತೊಟ್ಟಿಗೂ ಹಾಕಿಸಬೇಡಿ. ಲಾಕೆಟ್ ಜೊತೆಗಿದೆ ಅಂತ ಅವರು ಎಲ್ಲವನ್ನೂ ಒಟ್ಟಿಗೆ ಮುಳುಗಿಸಿಬಿಡುತ್ತಾರೆ, ನೀವೇ ಮೊದಲು ಹೇಳಿ. ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ಬಿಳಿ ಮಾಡುವ ವಿಡಿಯೋಗಳೂ ಓಡಾಡುತ್ತವೆ. ಮುತ್ತಿನ ಉದ್ಯಮದಲ್ಲಿ ಪೆರಾಕ್ಸೈಡ್ ಬಳಸುವುದು ನಿಜ. ಆದರೆ ಹೊಸ ಮುತ್ತಿಗೆ, ಅಳತೆ, ಶಾಖ, ಸಮಯ ಎಲ್ಲ ಹಿಡಿತದಲ್ಲಿಟ್ಟುಕೊಂಡು ಬಳಸುತ್ತಾರೆ. ಮನೆಯಲ್ಲಿ ಮಾಡಿದರೆ ಹಲ್ಲೆ ಹಿಡಿದಿಟ್ಟಿರುವ ಪ್ರೋಟೀನೇ ಸಡಿಲವಾಗುತ್ತದೆ. ವಯಸ್ಸಿಗೆ ಬಂದ ಕೆನೆ ಬಣ್ಣ ಹಾಗೇ ಇರಲಿ, ನನಗಂತೂ ಅದೇ ಚೆಂದ.

ದಾರದ ಮಾತು ಇನ್ನೂ ಮುಗಿದಿಲ್ಲ. ಸೋಪು, ಅರಿಶಿನ, ಬೆವರು ಮೂರೂ ಕುಡಿದ ದಾರವನ್ನು ಶುಚಿ ಮಾಡಲು ಆಗುವುದಿಲ್ಲ, ಬದಲಾಯಿಸಲೇಬೇಕು. ಸರವನ್ನು ಎರಡು ಕೈಯಲ್ಲಿ ಅಡ್ಡ ಹಿಡಿದು ಮುತ್ತುಗಳ ನಡುವೆ ನೋಡಿ. ಗಂಟಿನ ಪಕ್ಕ ಬರೀ ದಾರ ಕಾಣುತ್ತಿದ್ದರೆ, ಮುತ್ತು ಆಚೀಚೆ ಜಾರುತ್ತಿದ್ದರೆ, ದಾರ ಆಗಲೇ ಹಿಗ್ಗಿದೆ. ಮತ್ತೆ ಪೋಣಿಸಲು ಕೊಡುವಾಗ ಮೂರು ಮಾತು ಹೇಳಿ. ಪ್ರತಿ ಮುತ್ತಿನ ನಡುವೆ ಗಂಟು ಬರಬೇಕು. ಆಗ ದಾರ ಕಿತ್ತರೂ ಒಂದೇ ಮುತ್ತು ಬೀಳುತ್ತದೆ, ಮುತ್ತಿಗೆ ಮುತ್ತು ಉಜ್ಜುವುದೂ ಇಲ್ಲ. ದಾರ ಬಿಚ್ಚಿದ ಮೇಲೆ ಬಿಡಿ ಮುತ್ತುಗಳನ್ನು ನಿಮ್ಮ ಕೈಗೆ ಕೊಡಬೇಕು. ಬಿಡಿಯಾಗಿದ್ದಾಗ ಮಾತ್ರ ಅವನ್ನು ಶಾಂಪೂ ನೀರಿನಲ್ಲಿ ಒಂದೆರಡು ನಿಮಿಷ ಆಡಿಸಿ, ತೂತಿನೊಳಗಿನ ಸೋಪು ಹೋಗುವ ಹಾಗೆ ಚೆನ್ನಾಗಿ ಜಾಲಾಡಿ ಒಣಗಿಸಬಹುದು. ಎಣಿಸಿ ಕೊಡಿ, ಎಣಿಸಿ ತೆಗೆದುಕೊಳ್ಳಿ. ಮೂರನೆಯದು, ಕುತ್ತಿಗೆ ಹಿಂದಿನ ಮಂಕು ಮುತ್ತುಗಳನ್ನು ಮತ್ತೆ ಹಿಂದಕ್ಕೇ ಹಾಕಿಸಿ. ಮುಂದೆ ತಂದರೆ ಎದ್ದು ಕಾಣುತ್ತವೆ. ಆಗಾಗ ಹಾಕಿಕೊಳ್ಳುವ ಸರಕ್ಕೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ ದಾರ ಬದಲಾಯಿಸುವುದು ವಾಡಿಕೆ.

ಕರಿಮಣಿಯ ವಿಷಯ ಬೇಗ ಮುಗಿಯುತ್ತದೆ. ಕರಿಮಣಿ ಗಾಜಿನದಾದರೆ ಬೆವರು, ಸೆಂಟು, ಸೋಪು ಯಾವುದೂ ಅದನ್ನು ಏನೂ ಮಾಡುವುದಿಲ್ಲ. ಹೊಳಪು ಕುಂದಿದ್ದರೆ ಅದು ಎಣ್ಣೆ ಜಿಡ್ಡು. ಕಷ್ಟ ಇರುವುದು ನಡುವೆ ಸೇರಿಸಿದ ಹವಳಕ್ಕೆ. ಹವಳವೂ ಸುಣ್ಣವೇ, ಹುಳಿಗೆ ಅದೂ ಕರಗುತ್ತದೆ. ಹಾಗಾಗಿ ಈ ಸರದಲ್ಲಿ ಚಿನ್ನ ಎಷ್ಟೇ ಇರಲಿ, ಕರಿಮಣಿ ಎಷ್ಟೇ ಗಟ್ಟಿ ಇರಲಿ, ಹವಳಕ್ಕೆ ಒಗ್ಗುವುದನ್ನು ಮಾತ್ರ ಮಾಡಬೇಕು. ಮೊದಲು ಒದ್ದೆ ಬಿಳಿ ಬಟ್ಟೆಯಿಂದ ಒಂದು ಹವಳವನ್ನು ಒರೆಸಿ. ಬಟ್ಟೆಗೆ ಕೆಂಪು ಹತ್ತಿದರೆ ಅದು ಬಣ್ಣ ಹಾಕಿದ ಹವಳ, ಅಲ್ಲಿಗೇ ನಿಲ್ಲಿಸಿ, ಮುಂದೆ ಒಣ ಬಟ್ಟೆ ಮಾತ್ರ. ಕುಂಕುಮದ ಕೆಂಪೂ ಹತ್ತಬಹುದು, ಆದ್ದರಿಂದ ಬಟ್ಟೆಯ ಬೇರೆ ಜಾಗದಿಂದ ಮತ್ತೊಮ್ಮೆ ಒರೆಸಿ ನೋಡಿ. ಬಣ್ಣ ಬಿಡದಿದ್ದರೆ ಮುತ್ತಿಗೆ ಹೇಳಿದ ಶಾಂಪೂ ನೀರಿನ ಕ್ರಮವೇ ಸಾಕು. ಮಣಿಗಳ ನಡುವಿನ ಚಿನ್ನದ ಕೊಂಡಿಯಲ್ಲಿ ಕೂತ ಅರಿಶಿನ, ಸೋಪಿನ ಕೊಳೆಗೆ ಮಾತ್ರ ಮಗುವಿನ ಮೆತ್ತನೆ ಬ್ರಷ್ಷಿನ ತುದಿ ಬಳಸಿ. ಹವಳದ ಮೇಲೆ ಬಿಳಿ ಮಚ್ಚೆ ಆಗಿದ್ದರೆ ಅದು ಹುಳಿ ತಿಂದ ಗುರುತು. ಮುತ್ತಿಗಿಲ್ಲದ ಒಂದು ಅನುಕೂಲ ಹವಳಕ್ಕಿದೆ. ಅದು ಒಳಗೂ ಹೊರಗೂ ಒಂದೇ ಥರ ಗಟ್ಟಿ. ಹಾಗಾಗಿ ಹರಳು ಸಾಣೆ ಹಿಡಿಯುವವರು ಅದನ್ನು ಮತ್ತೆ ಪಾಲಿಷ್ ಮಾಡಿಕೊಡಬಲ್ಲರು.

ಈಗ ಒನ್ ಗ್ರಾಂ ಸೆಟ್. ಹೆಸರು ನೋಡಿ ಒಂದು ಗ್ರಾಂ ಚಿನ್ನ ಇದೆ ಅಂದುಕೊಳ್ಳಬೇಡಿ, ಅದು ವ್ಯಾಪಾರದ ಹೆಸರು. ಸಾಮಾನ್ಯವಾಗಿ ಒಳಗೆ ಹಿತ್ತಾಳೆ ಅಥವಾ ತಾಮ್ರದ ಮಿಶ್ರಲೋಹ, ಎಷ್ಟೋ ಸಲ ಅದರ ಮೇಲೆ ನಿಕ್ಕಲ್, ಅದರ ಮೇಲೆ ಚಿನ್ನದ ಮುಲಾಮು. ಆ ಮುಲಾಮು ಎಷ್ಟೋ ಸೆಟ್‌ಗಳಲ್ಲಿ ಒಂದು ಮೈಕ್ರಾನಿಗಿಂತ ತೆಳು, ಕೆಲವಕ್ಕೆ ಬರೀ ಚಿನ್ನದ ಬಣ್ಣದ ವಾರ್ನಿಷ್. ಇಷ್ಟು ತೆಳು ಪದರದಲ್ಲಿ ಕಣ್ಣಿಗೆ ಕಾಣದ ರಂಧ್ರಗಳು ಇದ್ದೇ ಇರುತ್ತವೆ. ಬೆವರಿನ ಉಪ್ಪು ಅಲ್ಲಿಂದ ಒಳಗೆ ಇಳಿದು ತಾಮ್ರವನ್ನು ತಿನ್ನುತ್ತದೆ. ನೀವು ನೋಡಿದ ಹಸಿರು ಅದರ ಕಿಲುಬು. ಬೆವರು ಒಣಗಿದರೂ ಉಪ್ಪು ಅಲ್ಲೇ ಇರುತ್ತದೆ, ಕರಾವಳಿಯ ಗಾಳಿಯಿಂದ ತೇವ ಎಳೆದುಕೊಂಡು ಪೆಟ್ಟಿಗೆಯೊಳಗೂ ಕೆಲಸ ಮುಂದುವರಿಸುತ್ತದೆ. ಮದುವೆ ರಾತ್ರಿ ಸರಿಯಿದ್ದ ಸೆಟ್ ಕೆಲವು ವಾರ ಬಿಟ್ಟು ತೆಗೆದರೆ ಹಸಿರಾಗಿರುವುದು ಇದಕ್ಕೇ.

ಹಿತ್ತಾಳೆ ಚೊಂಬಿನ ಕಿಲುಬಿಗೆ ಹುಣಸೆಹಣ್ಣು ಹಾಕಿ ತಿಕ್ಕುವುದು ನಮಗೆಲ್ಲ ಗೊತ್ತು. ಇಲ್ಲಿ ಅದು ನಡೆಯದು. ಹುಣಸೆ ಕಿಲುಬನ್ನು ತೆಗೆಯುತ್ತದೆ, ನಿಜ, ಆದರೆ ಮುಲಾಮಿನ ಅಡಿಯ ತಾಮ್ರವನ್ನೂ ಕರಗಿಸುತ್ತಾ ಹೋಗುತ್ತದೆ, ಮೇಲಿನ ಪದರ ಹಿಡಿತ ತಪ್ಪಿ ಏಳುತ್ತದೆ. ತಂಗಿಯ ಪೇಸ್ಟ್ ಇನ್ನೂ ನೇರ, ಪದರವನ್ನೇ ಉಜ್ಜಿ ತೆಗೆಯುತ್ತದೆ. ಉಜ್ಜಿದ ತಕ್ಷಣ ಫಳಫಳ ಅನ್ನುತ್ತದೆ, ಆದರೆ ಆ ಹೊಳಪು ಹಿತ್ತಾಳೆಯದು. ಸ್ವಲ್ಪ ದಿನದಲ್ಲೇ ಕಪ್ಪಾಗುತ್ತದೆ.

ಸೆಟ್ಟನ್ನು ನೀರಿಗೆ ಹಾಕಬಾರದು ಅನ್ನುವುದಕ್ಕೆ ಕೆಂಪು ಕಲ್ಲೂ ಒಂದು ಕಾರಣ. ಇಂಥ ಸೆಟ್‌ಗಳ ಕೆಂಪು ಸಾಮಾನ್ಯವಾಗಿ ಗಾಜು, ಹೊಳಪು ಬರಲು ಅದರ ಹಿಂದೆ ತೆಳುವಾದ ಬೇಗಡೆ ಇರುತ್ತದೆ. ಅಂಟು ಅಥವಾ ಅರಗು ಅದನ್ನು ಹಿಡಿದಿಟ್ಟಿರುತ್ತದೆ. ಅಂಚಿನಿಂದ ನೀರು ಒಳಗೆ ಹೋದರೆ ಬೇಗಡೆ ಕಪ್ಪಾಗುತ್ತದೆ. ಸಾಲಿನಲ್ಲಿ ಒಂದೆರಡು ಕಲ್ಲು ಮಾತ್ರ ಕಂದು ಬಣ್ಣಕ್ಕೆ ತಿರುಗಿ, ಎಷ್ಟು ಒರೆಸಿದರೂ ಬೆಳಗದಿದ್ದರೆ ಒಳಗೆ ನೀರು ಹೋಗಿದೆ ಅಂತ. ಅದಕ್ಕೆ ಆ ಕಲ್ಲನ್ನು ತೆಗೆಸಿ ಬೇರೆ ಹಾಕಿಸುವುದೊಂದೇ ದಾರಿ.

ಆದ್ದರಿಂದ ಮೊದಲು ಪೂರ್ತಿ ಒಣ ಕೆಲಸ. ಮೇಕಪ್ಪಿನ ಮೆತ್ತನೆ ಬ್ರಷ್ಷಿನಿಂದ ಪೌಡರು, ಒಣಗಿದ ಉಪ್ಪು ಎಲ್ಲವನ್ನೂ ಕೊಡವಿ. ಸೆಟ್ಟನ್ನು ಮಗುಚಿ ಹಿಡಿದು, ಹಿಂಭಾಗದ ಕಿಲುಬನ್ನು ಹಲ್ಲುಕಡ್ಡಿಯ ತುದಿಯಿಂದ ಮೆಲ್ಲಗೆ ಎಬ್ಬಿಸಿ. ಮರದ ಕಡ್ಡಿಯೇ ಆಗಬೇಕು, ಪಿನ್ನು ಸೂಜಿ ಬೇಡ. ಕಿಲುಬು ಎಣ್ಣೆ ಕುಡಿದು ಮೇಣದ ಹಾಗೆ ಅಂಟಿಕೊಂಡಿದ್ದರೆ ಕಡ್ಡಿಗೇ ಸುತ್ತಿಕೊಂಡು ಬರುತ್ತದೆ. ಆಮೇಲೆ ಬಡ್ಸ್ ಕಡ್ಡಿಯನ್ನು ಫಿಲ್ಟರ್ ನೀರಿನಲ್ಲಿ ಅದ್ದಿ, ಟವೆಲ್ಲಿಗೆ ಒತ್ತಿ ಹಿಂಡಿ, ಲೋಹದ ಜಾಗವನ್ನು ಮಾತ್ರ ಒರೆಸಿ. ಉಪ್ಪು ಕರಗಿ ಬರಬೇಕಾದರೆ ಇಷ್ಟು ನೀರು ಬೇಕೇ ಬೇಕು. ಬೆನ್ನಿಗೇ ಒಣ ಬಡ್ಸ್. ಒಂದು ಅಂಗುಲ ಒದ್ದೆ, ಅದೇ ಅಂಗುಲ ಒಣ, ಹೀಗೆ ಮುಂದೆ ಹೋಗಿ. ಬಡ್ಸ್ ತುದಿ ಹಸಿರಾಗುವುದು ನಿಲ್ಲುವವರೆಗೆ ಬದಲಾಯಿಸುತ್ತಿರಿ. ಕೊನೆಗೆ ಫ್ಯಾನಿನ ಕೆಳಗೆ ರಾತ್ರಿಯಿಡೀ ಬಿಡಿ. ಬಿಸಿ ಗಾಳಿ ಊದಿದರೆ ಅರಗು ಮೆತ್ತಗಾಗಿ ಕಲ್ಲು ಅಲುಗುತ್ತದೆ.

ಕಿಲುಬು ಹೋದ ಜಾಗ ಹೇಗಿದೆ ನೋಡಿ. ಚಿನ್ನದ ಬಣ್ಣವೇ ಇದ್ದರೆ ಬೇಗ ಸಿಕ್ಕಿದೆ, ಪುಣ್ಯ. ಕೆಂಪಗೆ ತಾಮ್ರದ ಬಣ್ಣವೋ ಮಂಕು ಹಳದಿಯೋ ಕಂಡರೆ ಅಲ್ಲಿ ಮುಲಾಮು ಮುಗಿದಿದೆ. ಹಿಂಭಾಗದಲ್ಲೇ ಆಗಿದ್ದರೆ ಬಣ್ಣವಿಲ್ಲದ ನೈಲ್ ಪಾಲಿಷನ್ನು ತೆಳುವಾಗಿ ಒಂದು ಸಲ ಬಳಿದು, ಪೂರ್ತಿ ಒಣಗಿಸಿ. ಬೆವರು ನೇರ ತಾಗುವುದು ಕೆಲವು ಸಮಾರಂಭದ ಮಟ್ಟಿಗೆ ತಪ್ಪುತ್ತದೆ, ಸುಲಿದಾಗ ಮತ್ತೆ ಬಳಿಯಬೇಕು. ಮುಂಭಾಗಕ್ಕೆ ಬಳಿಯಬೇಡಿ, ಕಲ್ಲಿನ ಅಂಚಿನಲ್ಲಿ ಮಡುಗಟ್ಟಿ ಅಸಹ್ಯ ಕಾಣುತ್ತದೆ. ಕೆಳಗಿನ ಬಿಳಿ ಮುತ್ತುಗಳಿಗಂತೂ ತಾಗಲೇಬಾರದು. ಅವು ಪ್ಲಾಸ್ಟಿಕ್ ಅಥವಾ ಗಾಜಿನ ಮಣಿಯ ಮೇಲೆ ಬಳಿದ ಹೊಳಪಿನ ಪದರ, ನೈಲ್ ಪಾಲಿಷಿನ ದ್ರಾವಕಕ್ಕೆ ಆ ಪದರ ಕರಗುತ್ತದೆ. ಸೆಂಟಿನಲ್ಲಿರುವ ಆಲ್ಕೋಹಾಲ್ ಕೂಡ ಇದನ್ನೇ ಮಾಡುತ್ತದೆ. ಈಗಲೇ ಆ ಮುತ್ತುಗಳನ್ನು ಮುಟ್ಟಿ ನೋಡಿ. ಬೆರಳಿಗೆ ಅಂಟಂಟಾಗಿ ಹತ್ತಿದರೆ ಸೆಂಟು ಆಗಲೇ ಅವನ್ನು ಕೆಡಿಸಿದೆ, ಒರೆಸಿದಷ್ಟೂ ಸುಲಿಯುತ್ತವೆ. ಅವನ್ನು ಬದಲಾಯಿಸುವುದು ದೊಡ್ಡ ಖರ್ಚಲ್ಲ. ಅಂಟು ಇಲ್ಲದಿದ್ದರೆ ಒಣ ಬಟ್ಟೆಯಿಂದ ಒಮ್ಮೆ ಒರೆಸಿ ಬಿಟ್ಟುಬಿಡಿ.

ಮತ್ತೆ ಪಾಲಿಷ್ ಹಾಕಿಸಬಹುದಾ ಅಂತ ಮುಂದಿನ ಪ್ರಶ್ನೆ ಬರುತ್ತದೆ. ಕಲ್ಲಿಲ್ಲದ ಚೈನು, ಬಳೆಗೆ ಹಾಕಿಸಬಹುದು, ಚೆನ್ನಾಗಿಯೂ ಬರುತ್ತದೆ. ಬೇಗಡೆ ಕಲ್ಲಿನ ಸೆಟ್ ಆದರೆ ಹಾಗಲ್ಲ. ಮುಲಾಮು ಹಾಕುವಾಗ ಒಡವೆಯನ್ನು ರಾಸಾಯನಿಕ ದ್ರಾವಣದಲ್ಲಿ ಮುಳುಗಿಸಬೇಕು, ಕಲ್ಲು ಮುತ್ತು ಎಲ್ಲ ಕಿತ್ತು ಆಮೇಲೆ ಕೂರಿಸಬೇಕು. ಅಷ್ಟಕ್ಕೆ ಕೇಳುವ ಕೂಲಿಯಲ್ಲಿ ಹೊಸ ಸೆಟ್ಟೇ ಬರಬಹುದು, ಮೊದಲು ಲೆಕ್ಕ ಕೇಳಿ.

ಸೆಟ್ ಹಾಕಿಕೊಂಡಾಗ ಕುತ್ತಿಗೆಯಲ್ಲಿ ಹಸಿರು ಅಥವಾ ಕಪ್ಪು ಗೆರೆ ಮೂಡಿದ್ದರೆ ಅದು ತಾಮ್ರದ ಬಣ್ಣ, ಸೋಪು ಹಾಕಿ ತೊಳೆದರೆ ಹೋಗುತ್ತದೆ. ಕೆಂಪು ಗುಳ್ಳೆ ಎದ್ದು ತುರಿಸಿದ್ದರೆ ವಿಷಯ ಬೇರೆ. ಅದು ನಿಕ್ಕಲ್ ಅಲರ್ಜಿ ಇರಬಹುದು. ಒಮ್ಮೆ ಶುರುವಾದರೆ ಪ್ರತಿ ಸಲವೂ ಬರುತ್ತದೆ, ನೈಲ್ ಪಾಲಿಷನ್ನು ನಂಬಿಕೊಂಡು ಮತ್ತೆ ಹಾಕಿಕೊಳ್ಳಬೇಡಿ, ಚರ್ಮದ ಡಾಕ್ಟರಿಗೆ ತೋರಿಸಿ.

ಮುಂದಿನ ಸಲ ಸಮಾರಂಭಕ್ಕೆ ಹೊರಡುವಾಗ ಸೀರೆ, ಪೌಡರು, ಹೇರ್ ಸ್ಪ್ರೇ, ಸೆಂಟು ಎಲ್ಲ ಮುಗಿಸಿ, ಹತ್ತು ನಿಮಿಷ ಆರಲು ಬಿಟ್ಟು, ಕೊನೆಗೆ ಒಡವೆ ಹಾಕಿ. ಸೆಂಟನ್ನು ಕುತ್ತಿಗೆಗೆ ಹೊಡೆಯುವ ಬದಲು ಸೆರಗಿನ ಒಳಮಗ್ಗುಲಿಗೋ ಮಣಿಕಟ್ಟಿಗೋ ಹೊಡೆದರೆ ಇನ್ನೂ ಒಳ್ಳೆಯದು, ಆದರೆ ರೇಷ್ಮೆಗೆ ಕಲೆ ಆಗುತ್ತದಾ ಅಂತ ಮೊದಲು ಮೂಲೆಯಲ್ಲಿ ನೋಡಿಕೊಳ್ಳಿ. ಮಲ್ಲಿಗೆಗೆ ನೀರು ಚಿಮುಕಿಸಿದ್ದರೆ ಚೆನ್ನಾಗಿ ಕೊಡವಿ ಮುಡಿಯಿರಿ. ವಾಪಸ್ ಬಂದ ಮೇಲೆ ಎಷ್ಟೇ ಸುಸ್ತಾಗಿದ್ದರೂ ಮುತ್ತು ಹವಳವನ್ನು ಹಿಂಡಿದ ಒದ್ದೆ ಬಟ್ಟೆಯಿಂದ, ಸೆಟ್ಟಿನ ಹಿಂಭಾಗವನ್ನು ಹಿಂಡಿದ ಬಡ್ಸಿನಿಂದ ಒರೆಸಿ, ರಾತ್ರಿ ಹೊರಗೇ ಆರಲು ಬಿಡಿ. ಪೆಟ್ಟಿಗೆಗೆ ಬೆಳಿಗ್ಗೆ ಹಾಕಿದರಾಯಿತು.

ಎತ್ತಿಡುವಾಗ ಮುತ್ತನ್ನೂ ಒನ್ ಗ್ರಾಂ ಸೆಟ್ಟನ್ನೂ ಒಂದೇ ಕಡೆ ಇಡಬೇಡಿ, ಒಂದಕ್ಕೆ ಬೇಕಾದ್ದು ಇನ್ನೊಂದಕ್ಕೆ ಆಗದು. ಇಮಿಟೇಷನ್ ಸೆಟ್ಟಿಗೆ ಗಾಳಿ, ತೇವ ತಾಗಬಾರದು. ಜಿಪ್ ಕವರಿನಲ್ಲಿ ಹಾಕಿ, ಔಷಧಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಒಂದನ್ನು ಜೊತೆಗಿಟ್ಟು, ಗಾಳಿ ಒತ್ತಿ ತೆಗೆದು ಮುಚ್ಚಿ. ಮುತ್ತಿಗೆ ಸಿಲಿಕಾ ಜೆಲ್ಲೂ ಬೇಡ, ಪ್ಲಾಸ್ಟಿಕ್ ಕವರೂ ಬೇಡ. ಅದರೊಳಗಿನ ಚೂರು ನೀರಿನ ಅಂಶ ಉಳಿಯಬೇಕು. ಮೆತ್ತನೆ ಹತ್ತಿ ಬಟ್ಟೆಯ ಚೀಲದಲ್ಲಿ, ಬೇರೆ ಒಡವೆ ಗೀಚದ ಹಾಗೆ, ಮಲಗಿಸಿ ಇಡಿ. ಬ್ಯಾಂಕ್ ಲಾಕರಿನಲ್ಲಿದ್ದರೆ ವರ್ಷಕ್ಕೆ ಒಂದೆರಡು ಸಲವಾದರೂ ತೆಗೆದು ಹಾಕಿಕೊಳ್ಳಿ. ಬೀರುವಿನಲ್ಲಿ ಸೀರೆಗೆ ನುಸಿಗುಳಿಗೆ ಹಾಕುವ ಅಭ್ಯಾಸ ಇದ್ದರೆ ಆ ಖಾನೆಯಲ್ಲಿ ಸೆಟ್ ಇಡಬೇಡಿ. ನುಸಿಗುಳಿಗೆಯ ಆವಿಗೆ ಪ್ಲಾಸ್ಟಿಕ್ ಮುತ್ತುಗಳು ಮೆತ್ತಗಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತವೆ.